ಪ್ರದರ್ಶನದಿಂದ ಖರೀದಿಯವರೆಗೆ: ಜಾಹೀರಾತು ವರದಿಯ ಪದಗಳು ಕನ್ನಡದಲ್ಲಿ

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಗೂಗಲ್ ಅಥವಾ ಯೂಟ್ಯೂಬ್‌ನಲ್ಲಿ ಕೊಟ್ಟ ಜಾಹೀರಾತಿನ ವರದಿ ಒಂದು ದೊಡ್ಡ ಕೋಷ್ಟಕ. ಅದರ ಪ್ರತಿಯೊಂದು ಕಾಲಂಗೂ ಒಂದೊಂದು ಇಂಗ್ಲಿಷ್ ತಲೆಬರಹವಿರುತ್ತದೆ. ತಂಡಕ್ಕೆ ಹೊಸದಾಗಿ ಸೇರಿದವರು ಈ ವರದಿಯನ್ನು ಅಂಗಡಿಯ ಮಾಲೀಕರಿಗೆ ಕನ್ನಡದಲ್ಲಿ ವಿವರಿಸಲು ಹೊರಟಾಗ, ನಿಘಂಟು ಕೊಡುವ ಪದಗಳು ಹಲವೆಡೆ ಕೈಕೊಡುತ್ತವೆ. ಇಂಪ್ರೆಷನ್ ಎಂದರೆ ‘ಅನಿಸಿಕೆ’, ಫ್ರೀಕ್ವೆನ್ಸಿ ಎಂದರೆ ‘ಆವರ್ತನ’, ಕನ್ವರ್ಷನ್ ಎಂದರೆ ‘ಪರಿವರ್ತನೆ’ ಎಂದು ಬರೆದರೆ ಅಕ್ಷರವೇನೋ ಕನ್ನಡವೇ, ಆದರೆ ಓದಿದವರಿಗೆ ಲೆಕ್ಕ ತಿಳಿಯುವುದಿಲ್ಲ. ಏನನ್ನು ಎಣಿಸಲಾಗಿದೆ ಎಂಬುದನ್ನು ಪದವೇ ಹೇಳಬೇಕು.

ಪದಗಳನ್ನು ಒಂದೊಂದಾಗಿ ನೋಡಲು ಒಂದು ಕಾಲ್ಪನಿಕ ಲೆಕ್ಕ ಇಟ್ಟುಕೊಳ್ಳಬಹುದು. ಧಾರವಾಡದಲ್ಲಿ ಶೇಂಗಾ ಹೋಳಿಗೆ ಮತ್ತು ಚಟ್ನಿಪುಡಿ ಮಾಡುವ ಒಂದು ಸಣ್ಣ ಘಟಕ ಯುಗಾದಿಗೆ ಮುಂಚೆ ಬೆಂಗಳೂರಿನ ಗ್ರಾಹಕರಿಗಾಗಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ 10 ದಿನ ಜಾಹೀರಾತು ನಡೆಸಿತು ಎಂದಿಟ್ಟುಕೊಳ್ಳೋಣ. ಖರ್ಚಾದದ್ದು 12,000 ರೂಪಾಯಿ. ವರದಿಯ ಪ್ರಕಾರ ಜಾಹೀರಾತು 1,50,000 ಸಲ ಪ್ರದರ್ಶನವಾಗಿದೆ, 60,000 ಜನರನ್ನು ತಲುಪಿದೆ. 1,800 ಸಲ ಅದರ ಲಿಂಕ್ ಒತ್ತಲಾಗಿದೆ, 1,350 ಸಲ ಅಂಗಡಿಯ ಪುಟ ತೆರೆದಿದೆ, 45 ಆರ್ಡರ್ ಬಂದಿವೆ. ಮಾರಾಟದ ಮೊತ್ತ 36,000 ರೂಪಾಯಿ.

ಪ್ರದರ್ಶನ

ವರದಿಯ ಮೊದಲ ಕಾಲಂ ಸಾಮಾನ್ಯವಾಗಿ Impressions. ಜಾಹೀರಾತು ಎಷ್ಟು ಸಲ ಪರದೆಯ ಮೇಲೆ ಬಂತು ಎಂಬುದೇ ಈ ಸಂಖ್ಯೆ. ಇದಕ್ಕೆ ‘ಪ್ರದರ್ಶನ’ ಎಂಬ ಪದ ಸರಿಯಾಗಿ ಹೊಂದುತ್ತದೆ. ಚಿತ್ರಮಂದಿರದ ಗೋಡೆಯ ಮೇಲೆ ‘ದಿನಕ್ಕೆ 4 ಪ್ರದರ್ಶನ’ ಎಂದು ಓದಿದವರಿಗೆ, ಅದು ಆಟಗಳ ಎಣಿಕೆ, ಪ್ರೇಕ್ಷಕರ ಎಣಿಕೆಯಲ್ಲ ಎಂಬುದು ಗೊತ್ತು. ಜಾಹೀರಾತಿನಲ್ಲೂ ಅಷ್ಟೇ. ಒಬ್ಬರ ಫೋನಿನಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದರೆ ಪ್ರದರ್ಶನ ಎರಡು, ಮನುಷ್ಯ ಒಬ್ಬರೇ. ಈ ಪದವನ್ನು ಇಲ್ಲಿ ಬಳಸಿದ ಮೇಲೆ ಪರ್ಫಾರ್ಮೆನ್ಸ್ ಎಂಬುದಕ್ಕೂ ‘ಪ್ರದರ್ಶನ’ ಎನ್ನಬಾರದು. ಅದಕ್ಕೆ ‘ಫಲಿತಾಂಶ’ ಎಂದರೆ ಗೊಂದಲ ತಪ್ಪುತ್ತದೆ.

ಪ್ರದರ್ಶನವಾದದ್ದೆಲ್ಲ ಜನರ ಕಣ್ಣಿಗೆ ಬಿದ್ದಿರುತ್ತದೆ ಎಂದೇನೂ ಇಲ್ಲ, ಕಣ್ಣಿಗೆ ಬಿದ್ದದ್ದನ್ನೆಲ್ಲ ಜನ ನೋಡಿರುತ್ತಾರೆ ಎಂದೂ ಇಲ್ಲ. ತೋರಿಸುವುದು, ಕಾಣುವುದು, ನೋಡುವುದು ಕನ್ನಡದಲ್ಲಿ ಮೂರು ಬೇರೆ ಕ್ರಿಯೆಗಳು. ಜಾಹೀರಾತಿನ ಅಳತೆಗಳಲ್ಲೂ ಇವು ಬೇರೆಬೇರೆಯೇ. ವೆಬ್ ಪುಟದ ತಳದಲ್ಲಿರುವ ಜಾಹೀರಾತು ಪುಟದ ಜೊತೆ ಇಳಿದುಬಂದಿರಬಹುದು, ಓದುಗರು ಅಲ್ಲಿಯವರೆಗೆ ಬೆರಳಾಡಿಸಿರದೇ ಇರಬಹುದು. ಅದಕ್ಕಾಗಿಯೇ ಅಮೆರಿಕದ ಮೀಡಿಯಾ ರೇಟಿಂಗ್ ಕೌನ್ಸಿಲ್ ಒಂದು ಗೆರೆ ಎಳೆದಿದೆ. ಚಿತ್ರದ ಜಾಹೀರಾತಾದರೆ ಅದರ ಅರ್ಧ ಭಾಗವಾದರೂ ಬಿಡದೆ 1 ಸೆಕೆಂಡ್ ಪರದೆಯ ಮೇಲೆ ಇರಬೇಕು, ವಿಡಿಯೊ ಆದರೆ 2 ಸೆಕೆಂಡ್. ಈ ಗೆರೆ ದಾಟಿದ್ದನ್ನು Viewable ಎನ್ನುತ್ತಾರೆ. ‘ಕಣ್ಣಿಗೆ ಬಿದ್ದ ಪ್ರದರ್ಶನ’ ಎಂಬುದು ಇದಕ್ಕೆ ಸಹಜವಾದ ಮಾತು.

ಮೂರನೆಯದು ವ್ಯೂ, ಅಂದರೆ ‘ವೀಕ್ಷಣೆ’. ಇದನ್ನು ಎಣಿಸುವ ಕ್ರಮ ಎಲ್ಲ ಕಡೆ ಒಂದೇ ಅಲ್ಲ. ಯೂಟ್ಯೂಬ್‌ನಲ್ಲಿ ವಿಡಿಯೊಗೆ ಮುಂಚೆ ಬಂದು ದಾಟಿಸಲು ಅವಕಾಶವಿರುವ ಜಾಹೀರಾತನ್ನು 30 ಸೆಕೆಂಡ್ ನೋಡಿದರೆ, ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ ಪೂರ್ತಿ ನೋಡಿದರೆ, ಇಲ್ಲವೇ ಅದರ ಮೇಲೆ ಒತ್ತಿದರೆ ಒಂದು ವೀಕ್ಷಣೆ. ಫೇಸ್‌ಬುಕ್‌ನ ThruPlay ಎಂಬ ಕಾಲಂಗೆ 15 ಸೆಕೆಂಡ್ ಸಾಕು, ಚಿಕ್ಕ ವಿಡಿಯೊ ಆದರೆ ಕೊನೆಯವರೆಗೆ ಓಡಿರಬೇಕು. ಅದೇ ವರದಿಯಲ್ಲಿ 3 ಸೆಕೆಂಡ್‌ಗಳ ಲೆಕ್ಕವೂ ಬೇರೆಯಾಗಿ ಇರುತ್ತದೆ. ಹಾಗಾಗಿ ‘10,000 ವೀಕ್ಷಣೆ’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ‘15 ಸೆಕೆಂಡ್ ವೀಕ್ಷಣೆ 10,000’ ಎಂದು ಅಳತೆಗೋಲನ್ನೂ ಜೊತೆಗೆ ಬರೆಯಬೇಕು.

ತಲುಪಿದವರು ಮತ್ತು ತಲಾ ಪ್ರದರ್ಶನ

Reach ಎಂಬುದಕ್ಕೆ ‘ವ್ಯಾಪ್ತಿ’ ಎಂಬ ಪದ ಬಳಕೆಯಲ್ಲಿದೆ. ಆದರೆ ವ್ಯಾಪ್ತಿ ಎಂದರೆ ಊರು, ಪ್ರದೇಶ, ಹರಹು ಎಂಬ ಅರ್ಥ ಮನಸ್ಸಿಗೆ ಬರುತ್ತದೆ. ವರದಿಯಲ್ಲಿರುವುದು ಜನರ ಎಣಿಕೆ. ಆದ್ದರಿಂದ ‘ತಲುಪಿದವರು’ ಎನ್ನುವುದು ಲೇಸು. ಪತ್ರಿಕೆಗಳಲ್ಲಿ ‘ಪ್ರಸಾರ ಸಂಖ್ಯೆ’ ಬೇರೆ, ‘ಓದುಗರ ಸಂಖ್ಯೆ’ ಬೇರೆ. ಮಾರಾಟವಾದ ಪ್ರತಿಗಳನ್ನು ಪ್ರಮಾಣೀಕರಿಸುವ ಕೆಲಸವನ್ನು ಭಾರತದಲ್ಲಿ 1948ರಿಂದ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಮಾಡುತ್ತ ಬಂದಿದೆ. ಮನೆಗೆ ಬಂದ ಒಂದು ಪ್ರತಿಯನ್ನು ನಾಲ್ವರು ಓದಬಹುದು, ಹಾಗಾಗಿ ಓದುಗರನ್ನು ತಿಳಿಯಲು ಪ್ರತ್ಯೇಕ ಸಮೀಕ್ಷೆ ಬೇಕು. ಪತ್ರಿಕೆಯಲ್ಲಿ ಒಂದು ಪ್ರತಿಗೆ ಹಲವು ಜನ, ಫೋನಿನಲ್ಲಿ ಒಬ್ಬರಿಗೆ ಹಲವು ಪ್ರದರ್ಶನ. ದಿಕ್ಕು ತಿರುಗಿದರೂ ಪಾಠ ಒಂದೇ: ವಸ್ತುವಿನ ಎಣಿಕೆಯನ್ನು ಜನರ ಎಣಿಕೆ ಎಂದು ಓದಬಾರದು.

ತಲುಪಿದವರ ಸಂಖ್ಯೆಯನ್ನು ಕೂಡಿಸಲು ಬರುವುದಿಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಹೋಳಿಗೆಯ ಜಾಹೀರಾತು ಸೋಮವಾರ ತಲುಪಿದವರಲ್ಲಿ ಹಲವರನ್ನು ಮಂಗಳವಾರವೂ ತಲುಪಿರುತ್ತದೆ. ಹತ್ತು ದಿನಗಳ ಸಂಖ್ಯೆಯನ್ನು ದಿನದಿನವಾಗಿ ತೆಗೆದು ಕೂಡಿದರೆ ಮೊತ್ತ 1,10,000 ಆಗಬಹುದು, ಆದರೆ ಇಡೀ ಅವಧಿಗೆ ಒಟ್ಟಾಗಿ ಕೇಳಿದರೆ ವರದಿ ಹೇಳುವುದು 60,000. ಎರಡನೆಯದೇ ಸರಿ. ಫೇಸ್‌ಬುಕ್ ತಲುಪಿದವರನ್ನೂ ಗೂಗಲ್ ತಲುಪಿದವರನ್ನೂ ಕೂಡಿದರೂ ಇದೇ ತಪ್ಪಾಗುತ್ತದೆ, ಏಕೆಂದರೆ ಎರಡೂ ಕಡೆ ಇರುವವರು ಅದೇ ಬೆಂಗಳೂರಿಗರು. ಪ್ರದರ್ಶನ, ಕ್ಲಿಕ್, ಖರ್ಚು ಇವುಗಳನ್ನು ಕೂಡಬಹುದು, ಜನರನ್ನು ಕೂಡುವಂತಿಲ್ಲ.

Frequency ಕಾಲಂಗೆ ‘ಆವರ್ತನ’ ಎಂದರೆ ಭೌತಶಾಸ್ತ್ರದ ತರಗತಿ ನೆನಪಾಗುತ್ತದೆ. ‘ತಲಾ ಆದಾಯ’ ಎಂಬ ಮಾತು ಎಲ್ಲರಿಗೂ ಪರಿಚಿತ, ಅದೇ ಜಾಡಿನಲ್ಲಿ ಇದನ್ನು ‘ತಲಾ ಪ್ರದರ್ಶನ’ ಎನ್ನಬಹುದು. 1,50,000 ಪ್ರದರ್ಶನವನ್ನು 60,000 ಜನರಿಗೆ ಹಂಚಿದರೆ ತಲೆಗೆ 2.5. ತಲಾ ಆದಾಯದಂತೆಯೇ ಇದೂ ಬರಿಯ ಸರಾಸರಿ. ಬಹಳಷ್ಟು ಜನರಿಗೆ ಒಮ್ಮೆ ಮಾತ್ರ ಕಂಡು, ಕೆಲವರಿಗೆ ಹತ್ತು ಸಲ ಕಂಡಿದ್ದರೂ ಸರಾಸರಿ 2.5 ಆಗಬಹುದು. ತಲಾ ಪ್ರದರ್ಶನ ದಿನೇದಿನೇ ಏರುತ್ತ, ಅದೇ ಹೊತ್ತಿಗೆ ಕ್ಲಿಕ್ ಇಳಿಯುತ್ತಿದ್ದರೆ, ಅದೇ ಜನರಿಗೆ ಅದೇ ಚಿತ್ರ ತೋರಿಸಿ ಅವರಿಗೆ ಬೇಸರ ಬಂದಿದೆ ಎಂದು ತಿಳಿಯಬಹುದು. ಆಗ ಬದಲಾಯಿಸಬೇಕಾದದ್ದು ಚಿತ್ರವನ್ನು, ಇಲ್ಲವೇ ಅದನ್ನು ನೋಡುವ ಜನವರ್ಗವನ್ನು.

ದರ, ಪ್ರಮಾಣ, ವೆಚ್ಚ

ಇಂಗ್ಲಿಷಿನ ‘ರೇಟ್’ ಎಂಬ ಒಂದೇ ಪದ ಬೆಲೆಗೂ ಆಗುತ್ತದೆ, ಶೇಕಡಾವಾರು ಲೆಕ್ಕಕ್ಕೂ ಆಗುತ್ತದೆ. ಕನ್ನಡದ ವ್ಯಾಪಾರಿಗೆ ‘ದರ’ ಎಂದರೆ ಮೊದಲು ತೋಚುವುದು ಬೆಲೆ. ಕ್ಲಿಕ್ ಥ್ರೂ ರೇಟ್ ಎಂಬುದನ್ನು ‘ಕ್ಲಿಕ್ ದರ’ ಎಂದು ಬರೆದರೆ, ಮಾಲೀಕರು ಅದನ್ನು ಒಂದು ಕ್ಲಿಕ್ಕಿನ ಬೆಲೆ ಎಂದೇ ಓದುತ್ತಾರೆ. ಆದ್ದರಿಂದ ಜಾಹೀರಾತು ವರದಿಯ ಮಟ್ಟಿಗೆ ಮೂರು ಪದಗಳನ್ನು ಹಂಚಿಕೊಳ್ಳುವುದು ಒಳ್ಳೆಯದು: ಜಾಗ ಕೊಳ್ಳುವ ಬೆಲೆಗೆ ‘ದರ’, ನೂರಕ್ಕೆ ಎಷ್ಟು ಎಂಬುದಕ್ಕೆ ‘ಪ್ರಮಾಣ’, ಒಂದೊಂದು ಫಲಕ್ಕೆ ತಗಲಿದ ಹಣಕ್ಕೆ ‘ವೆಚ್ಚ’.

CPM ಎಂದರೆ ‘ಸಾವಿರ ಪ್ರದರ್ಶನದ ದರ’. ಇದರ ಕೊನೆಯ ಅಕ್ಷರವನ್ನು ಮಿಲಿಯನ್ ಎಂದು ತಿಳಿಯುವವರುಂಟು. ಅದು ಬಂದದ್ದು ಲ್ಯಾಟಿನ್‌ನ ‘ಮಿಲ್ಲೆ’ ಎಂಬ ಪದದಿಂದ, ಅದರ ಅರ್ಥ ಸಾವಿರ. ಹೋಳಿಗೆ ಘಟಕ 12,000 ರೂಪಾಯಿಗೆ 150 ಸಾವಿರ ಪ್ರದರ್ಶನ ಪಡೆದಿದೆ, ಸಾವಿರಕ್ಕೆ 80 ರೂಪಾಯಿ ಬಿದ್ದಿದೆ. ಇದು ಜಾಗದ ಬಾಡಿಗೆ ಇದ್ದಂತೆ. ಹಬ್ಬದ ದಿನಗಳಲ್ಲಿ ಅದೇ ಜನರಿಗೆ ತೋರಿಸಲು ಹೆಚ್ಚು ವ್ಯಾಪಾರಿಗಳು ಪೈಪೋಟಿಗೆ ನಿಲ್ಲುವುದರಿಂದ ಹರಾಜಿನಲ್ಲಿ ಇದು ಏರುತ್ತದೆ. ದರ ಏರಿದ ಮಾತ್ರಕ್ಕೆ ಜಾಹೀರಾತು ಕೆಟ್ಟಿದೆ ಎಂದರ್ಥವಲ್ಲ.

CTR ಎಂಬುದು ‘ಕ್ಲಿಕ್ ಪ್ರಮಾಣ’. ನೂರು ಪ್ರದರ್ಶನಕ್ಕೆ ಎಷ್ಟು ಕ್ಲಿಕ್ ಬಂತು ಎಂಬ ಲೆಕ್ಕ. 1,50,000ಕ್ಕೆ 1,800 ಎಂದರೆ ಶೇ 1.2. ಇಲ್ಲಿ ಯಾವ ಕ್ಲಿಕ್ ಎಂಬುದನ್ನು ಮೊದಲು ಕೇಳಬೇಕು. ಫೇಸ್‌ಬುಕ್‌ನ ವರದಿಯಲ್ಲಿ ಎಲ್ಲ ಬಗೆಯ ಕ್ಲಿಕ್‌ಗಳ ಒಂದು ಕಾಲಂ ಇದೆ. ಲೈಕ್ ಒತ್ತಿದ್ದು, ಕಮೆಂಟ್ ತೆರೆದದ್ದು, ಪುಟದ ಹೆಸರನ್ನು ಮುಟ್ಟಿದ್ದು ಎಲ್ಲವೂ ಅದರಲ್ಲಿ ಸೇರುತ್ತವೆ. ಜಾಹೀರಾತಿನ ಕೊಂಡಿಯನ್ನು ಒತ್ತಿದವುಗಳಷ್ಟೇ Link clicks ಕಾಲಂನಲ್ಲಿರುತ್ತವೆ. ಕಳೆದ ತಿಂಗಳ ವರದಿಯಲ್ಲಿ ಮೊದಲನೆಯದನ್ನೂ ಈ ತಿಂಗಳು ಎರಡನೆಯದನ್ನೂ ಹಿಡಿದರೆ, ಏನೂ ಬದಲಾಗದೆಯೇ ಫಲಿತಾಂಶ ಕುಸಿದಂತೆ ಕಾಣುತ್ತದೆ.

ಶೇಕಡಾ ಲೆಕ್ಕದಲ್ಲಿ ಇನ್ನೊಂದು ಎಚ್ಚರ ಬೇಕು. ಘಟಕ ನಡೆಸಿದ್ದು ಎರಡು ಜಾಹೀರಾತು. ಹೋಳಿಗೆಯ ಚಿತ್ರಕ್ಕೆ 1,00,000 ಪ್ರದರ್ಶನದಲ್ಲಿ 600 ಕ್ಲಿಕ್ ಬಂದವು, ಪ್ರಮಾಣ ಶೇ 0.6. ಹೋಳಿಗೆ ಬೇಯಿಸುವ ವಿಡಿಯೊಗೆ 50,000 ಪ್ರದರ್ಶನದಲ್ಲಿ 1,200 ಕ್ಲಿಕ್, ಶೇ 2.4. ಇವೆರಡನ್ನೂ ಕೂಡಿ ಎರಡರಿಂದ ಭಾಗಿಸಿದರೆ ಶೇ 1.5 ಬರುತ್ತದೆ, ಅದು ತಪ್ಪು. ಒಟ್ಟು ಕ್ಲಿಕ್ಕನ್ನು ಒಟ್ಟು ಪ್ರದರ್ಶನದಿಂದ ಭಾಗಿಸಬೇಕು, ಆಗ ನಿಜವಾದ ಶೇ 1.2 ಸಿಗುತ್ತದೆ. ಪ್ರಮಾಣಗಳ ಸರಾಸರಿ ತೆಗೆಯದೆ ಮೂಲ ಸಂಖ್ಯೆಗಳಿಗೆ ಹಿಂತಿರುಗುವುದೇ ಸರಿಯಾದ ಕ್ರಮ. ಹಾಗೆಯೇ ಪ್ರಮಾಣ ಶೇ 1.2ರಿಂದ ಶೇ 1.8ಕ್ಕೆ ಏರಿದರೆ ‘ಶೇ 0.6 ಏರಿಕೆ’ ಎಂದೂ ಬರೆಯಬಾರದು, ಅದು ಇದ್ದದ್ದರ ಅರ್ಧದಷ್ಟು, ಅಂದರೆ ಶೇ 50 ಏರಿಕೆ. ‘1.2ರಿಂದ 1.8ಕ್ಕೆ ಏರಿದೆ’ ಎಂದು ಎರಡೂ ಅಂಕಿ ಬರೆದುಬಿಟ್ಟರೆ ಯಾರಿಗೂ ಗೊಂದಲವಿಲ್ಲ.

CPC ಎಂದರೆ ‘ಒಂದು ಕ್ಲಿಕ್ಕಿನ ವೆಚ್ಚ’. 12,000 ರೂಪಾಯಿಗೆ 1,800 ಕ್ಲಿಕ್, ಒಂದಕ್ಕೆ 6 ರೂಪಾಯಿ 67 ಪೈಸೆ. ಆದರೆ ಕ್ಲಿಕ್ ಮಾಡಿದವರೆಲ್ಲ ಅಂಗಡಿಯೊಳಗೆ ಬಂದಿಲ್ಲ. Landing page views ಎಂಬ ಕಾಲಂ ‘ಪುಟ ತೆರೆದದ್ದು’ ಎಷ್ಟು ಸಲ ಎಂದು ಹೇಳುತ್ತದೆ, ಅದು 1,350 ಮಾತ್ರ. ಉಳಿದ 450 ಸಲ ಬೆರಳು ತಪ್ಪಿ ತಾಗಿರಬಹುದು, ಇಲ್ಲವೇ ಪುಟ ತೆರೆಯುವಷ್ಟರಲ್ಲಿ ತಾಳ್ಮೆ ಕಳೆದು ವಾಪಸಾಗಿರಬಹುದು. ನಾಲ್ಕರಲ್ಲಿ ಒಂದು ಹೀಗೆ ಸೋರಿದೆ. ಈ ಸೋರಿಕೆ ಅರ್ಧಕ್ಕಿಂತ ಹೆಚ್ಚಾದರೆ ಜಾಹೀರಾತಿನ ಮಾತನ್ನು ತಿದ್ದುವ ಮುನ್ನ, ಸಾಧಾರಣ ಫೋನಿನಲ್ಲಿ ಪುಟ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಪರೀಕ್ಷಿಸಬೇಕು.

ಕನ್ವರ್ಷನ್

ಈ ಪಟ್ಟಿಯಲ್ಲಿ ಕನ್ನಡಕ್ಕೆ ಬಗ್ಗದ ಪದ ಇದೊಂದೇ. ‘ಪರಿವರ್ತನೆ’ ಎಂದರೆ ಯಾರು ಯಾವುದಾಗಿ ಬದಲಾದರು ಎಂಬ ಪ್ರಶ್ನೆ ಏಳುತ್ತದೆ. Conversions ಎಂಬುದು ಒಂದು ಕ್ರಿಯೆಯ ಹೆಸರೇ ಅಲ್ಲ. ಜಾಹೀರಾತು ಕೊಟ್ಟವರು ಏನನ್ನು ಗುರಿಯಾಗಿ ಇಟ್ಟುಕೊಂಡರೋ ಅದಕ್ಕೆಲ್ಲ ಇದೇ ಹೆಸರು. ಅಂಗಡಿಗೆ ಅದು ಖರೀದಿ, ಕೋಚಿಂಗ್ ಕೇಂದ್ರಕ್ಕೆ ಫೋನ್ ಕರೆ, ಆಸ್ಪತ್ರೆಗೆ ಮುಂಗಡ ನೋಂದಣಿ. ಆದ್ದರಿಂದ ಮಾಲೀಕರ ಮುಂದೆ ಆ ಕ್ರಿಯೆಯ ಹೆಸರನ್ನೇ ಹೇಳುವುದು ಉತ್ತಮ: ‘45 ಆರ್ಡರ್ ಬಂದಿವೆ’. ಮಾರಾಟದ ವಿಷಯದಲ್ಲಿ ‘ವ್ಯಾಪಾರ ಕುದುರಿತು’ ಎಂಬ ಮಾತು ಪೇಟೆಯಲ್ಲಿ ಮೊದಲಿನಿಂದಲೂ ಇದೆ. ಎಲ್ಲ ಕ್ರಿಯೆಗಳಿಗೂ ಒಟ್ಟಾಗಿ ಒಂದು ಹೆಸರು ಬೇಕಾದಾಗ ತಂಡದೊಳಗೆ ‘ಕನ್ವರ್ಷನ್’ ಎಂದೇ ಇಟ್ಟುಕೊಳ್ಳಬಹುದು.

ಕನ್ವರ್ಷನ್ ಪ್ರಮಾಣ ಹೇಳುವಾಗ ಯಾವುದರ ಮೇಲೆ ಭಾಗಿಸಲಾಗಿದೆ ಎಂದೂ ಹೇಳಬೇಕು. 1,800 ಕ್ಲಿಕ್ಕಿಗೆ 45 ಆರ್ಡರ್ ಎಂದರೆ ಶೇ 2.5, ತೆರೆದ 1,350 ಪುಟಗಳಿಗೆ ಲೆಕ್ಕ ಹಾಕಿದರೆ ಸುಮಾರು ಶೇ 3.3. ಎರಡೂ ಸರಿಯೇ, ಆದರೆ ಒಂದನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲ. ಒಂದು ಆರ್ಡರಿಗೆ ತಗಲಿದ ಜಾಹೀರಾತು ವೆಚ್ಚವನ್ನು ವರದಿ CPA ಎಂದೋ Cost per result ಎಂದೋ ತೋರಿಸುತ್ತದೆ. ಇಲ್ಲಿ ಅದು ಸುಮಾರು 267 ರೂಪಾಯಿ.

ಜಾಹೀರಾತು ರೂಪಾಯಿಗೆ ಬಂದ ಮಾರಾಟ

ಮಾಲೀಕರು ಮೊದಲು ನೋಡುವ ಕಾಲಂ ROAS. ಮಾರಾಟದ ಮೊತ್ತವನ್ನು ಜಾಹೀರಾತಿನ ಖರ್ಚಿನಿಂದ ಭಾಗಿಸಿದರೆ ಇದು ಸಿಗುತ್ತದೆ. 36,000ವನ್ನು 12,000ದಿಂದ ಭಾಗಿಸಿದರೆ 3. ಇದಕ್ಕೆ ‘ಲಾಭ’ ಎಂದೋ ‘ಆದಾಯ’ ಎಂದೋ ಹೇಳಿದರೆ ದೊಡ್ಡ ಅನರ್ಥ. ಕನ್ನಡದಲ್ಲಿ ಆದಾಯ ಎಂದರೆ ಕೈಗೆ ಬಂದ ಹಣ, ಇಲ್ಲಿರುವುದು ಗಲ್ಲಾಪೆಟ್ಟಿಗೆಗೆ ಬಿದ್ದ ಒಟ್ಟು ಮೊತ್ತ. ‘ಜಾಹೀರಾತಿನ ಒಂದು ರೂಪಾಯಿಗೆ 3 ರೂಪಾಯಿ ಮಾರಾಟ’ ಎಂದು ಪೂರ್ತಿಯಾಗಿ ಹೇಳಬೇಕು.

ಅದರಲ್ಲಿ ಉಳಿದದ್ದೆಷ್ಟು? ಒಂದು ಆರ್ಡರಿನ ಸರಾಸರಿ ಮೊತ್ತ 800 ರೂಪಾಯಿ. ಶೇಂಗಾ, ಬೆಲ್ಲ, ಎಣ್ಣೆ, ಕೂಲಿ ಸೇರಿ 360, ಪ್ಯಾಕಿಂಗ್ ಮತ್ತು ಕೊರಿಯರ್ 120. ಜಾಹೀರಾತಿಗೆ ಮುಂಚೆ ಉಳಿಯುವುದು 320. ಅಂದರೆ 800 ಮಾರಾಟಕ್ಕೆ 320ರವರೆಗೆ ಜಾಹೀರಾತಿಗೆ ಹಾಕಿದರೆ ಸರಿಸಮ, ಅದರಾಚೆ ನಷ್ಟ. 800ನ್ನು 320ರಿಂದ ಭಾಗಿಸಿದರೆ 2.5. ಈ ಘಟಕಕ್ಕೆ ಇದೇ ‘ಅಸಲು ಗೆರೆ’. ಬೇರೆ ಅಂಗಡಿಗೆ ಗೆರೆಯೂ ಬೇರೆ, ಆದ್ದರಿಂದ ಎಲ್ಲರಿಗೂ ಒಪ್ಪುವ ಒಳ್ಳೆಯ ROAS ಎಂಬುದಿಲ್ಲ.

3 ಎಂಬುದು 2.5ಕ್ಕಿಂತ ಮೇಲಿದೆ, ಸಮಾಧಾನವೆನಿಸಬಹುದು. ಆದರೆ ವರದಿಯ ಖರ್ಚಿನಲ್ಲಿ ಶೇ 18 ಜಿಎಸ್‌ಟಿ ಸೇರಿಲ್ಲ. ಅದನ್ನು ಸೇರಿಸಿದರೆ ಖರ್ಚು 14,160. ಜಿಎಸ್‌ಟಿ ನೋಂದಣಿ ಇದ್ದು ಹೂಡುವಳಿ ತೆರಿಗೆಯನ್ನು ಕಳೆದುಕೊಳ್ಳಲು ಅರ್ಹರಾದವರಿಗೆ ಅದು ಹಿಂದಕ್ಕೆ ಬರುತ್ತದೆ, ನೋಂದಣಿಯಿಲ್ಲದ ಸಣ್ಣ ಘಟಕಕ್ಕೆ ಅದು ನೇರ ಖರ್ಚು. ಆಗ ಸಂಖ್ಯೆ 3ರಿಂದ 2.54ಕ್ಕೆ ಇಳಿಯಿತು. ಹಣವನ್ನು ಮನೆ ಬಾಗಿಲಲ್ಲಿ ಕೊಡುವ ಆರ್ಡರುಗಳಲ್ಲಿ 3 ಪಾರ್ಸೆಲ್ ಹಿಂದಕ್ಕೆ ಬಂದವು ಎಂದರೆ ಉಳಿದ ಮಾರಾಟ 33,600. ಸಂಖ್ಯೆ 2.37ಕ್ಕೆ ಬಂದು ಗೆರೆಯ ಕೆಳಗೆ ಹೋಯಿತು. ಹಿಂದಿರುಗಿದ ಪಾರ್ಸೆಲ್ಲಿನ ಕೊರಿಯರ್ ಖರ್ಚು, ಕೆಟ್ಟ ಹೋಳಿಗೆಯ ನಷ್ಟ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ವರದಿಯ ಪರದೆಯಲ್ಲಿ ಮಾತ್ರ 3 ಎಂದೇ ಇರುತ್ತದೆ, ಏಕೆಂದರೆ ಆರ್ಡರ್ ಒತ್ತಿದ ಕ್ಷಣವಷ್ಟೇ ಅದಕ್ಕೆ ಗೊತ್ತು.

ಯಾರ ಖಾತೆಗೆ ಜಮಾ

ಕೊನೆಯ ಪದ Attribution. ಬಂದ ಆರ್ಡರನ್ನು ಯಾವ ಜಾಹೀರಾತಿನ ಲೆಕ್ಕಕ್ಕೆ ಬರೆಯಬೇಕು ಎಂಬ ನಿಯಮ ಇದು. ‘ಯಾರ ಖಾತೆಗೆ ಜಮಾ’ ಎಂದರೆ ಲೆಕ್ಕಪುಸ್ತಕ ನೋಡಿದ ಯಾರಿಗೂ ತಿಳಿಯುತ್ತದೆ. ಜಾಹೀರಾತು ನೋಡಿದ ಎಷ್ಟು ದಿನದೊಳಗೆ ಕೊಂಡರೆ ಜಮಾ ಮಾಡಬೇಕೆಂಬ ಗಡುವನ್ನು ‘ಜಮಾ ಅವಧಿ’ ಎನ್ನಬಹುದು. ಫೇಸ್‌ಬುಕ್‌ನಲ್ಲಿ ಬೇರೆ ಆಯ್ಕೆ ಮಾಡದಿದ್ದರೆ ಸಾಮಾನ್ಯವಾಗಿ ಕ್ಲಿಕ್ ಮಾಡಿದ 7 ದಿನ, ಕ್ಲಿಕ್ ಮಾಡದೆ ನೋಡಿದ್ದಷ್ಟೇ ಆದರೆ 1 ದಿನ. ಗೂಗಲ್‌ನಲ್ಲಿ ಕ್ಲಿಕ್ಕಿಗೆ ಸಾಮಾನ್ಯವಾಗಿ 30 ದಿನ.

ಮಲ್ಲೇಶ್ವರದ ಒಬ್ಬ ಗ್ರಾಹಕಿ ಭಾನುವಾರ ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತನ್ನು ಒತ್ತಿ ಪುಟ ನೋಡಿ ಮುಚ್ಚಿದರು, ಬುಧವಾರ ಗೂಗಲ್‌ನಲ್ಲಿ ಘಟಕದ ಹೆಸರು ಹುಡುಕಿ ಅಲ್ಲಿನ ಜಾಹೀರಾತಿನ ಮೂಲಕ ಬಂದು ಕೊಂಡರು ಎಂದುಕೊಳ್ಳಬಹುದು. ಆರ್ಡರ್ ಒಂದೇ. ಫೇಸ್‌ಬುಕ್‌ನ ವರದಿ ಅದನ್ನು ತನ್ನ ಖಾತೆಗೆ ಬರೆದುಕೊಳ್ಳುತ್ತದೆ, ಗೂಗಲ್‌ನ ವರದಿಯೂ ಬರೆದುಕೊಳ್ಳುತ್ತದೆ. ತಮ್ಮ ತಮ್ಮ ನಿಯಮದಲ್ಲಿ ಎರಡೂ ಸರಿ, ಒಂದಕ್ಕೊಂದು ಗೊತ್ತಿಲ್ಲ ಅಷ್ಟೇ. ಹೀಗಾಗಿ ಫೇಸ್‌ಬುಕ್ 45, ಗೂಗಲ್ 40 ಎಂದು ಹೇಳಿ ಮೊತ್ತ 85 ಆದರೂ ಘಟಕದ ಆರ್ಡರ್ ಪುಸ್ತಕದಲ್ಲಿ ಇರುವುದು 70 ಮಾತ್ರ ಆಗಬಹುದು. ಆ 70ರಲ್ಲಿ ಜಾಹೀರಾತಿನ ಹಂಗಿಲ್ಲದೆ ಬಂದ ಹಳೆಯ ಗ್ರಾಹಕರೂ ಇರುತ್ತಾರೆ.

ಇದನ್ನು ಪತ್ತೆಹಚ್ಚುವ ಕ್ರಮ ಸರಳ. ಎಲ್ಲ ವರದಿಗಳ ಖರೀದಿಗಳನ್ನು ಕೂಡಿ, ಅದೇ ದಿನಾಂಕಗಳ ಆರ್ಡರ್ ಪುಸ್ತಕದ ಪಕ್ಕದಲ್ಲಿ ಇಡಬೇಕು. ವರದಿಗಳ ಮೊತ್ತ ಪುಸ್ತಕವನ್ನು ಮೀರಿದರೆ ಒಂದೇ ಆರ್ಡರ್ ಎರಡು ಕಡೆ ಜಮಾ ಆಗಿದೆ. ಎರಡೂ ಕಡೆ ಕೊಟ್ಟ ಒಟ್ಟು ಖರ್ಚನ್ನು ಪುಸ್ತಕದ ಒಟ್ಟು ಮಾರಾಟದ ಎದುರಿಗೆ ಇಟ್ಟು ಲೆಕ್ಕ ಹಾಕಿದರೆ ಯಾವ ಜಮಾ ನಿಯಮವೂ ಅದನ್ನು ಹಿಗ್ಗಿಸಲಾರದು.

ಒಂದೇ ನೋಟದಲ್ಲಿ

- Impressions: ಪ್ರದರ್ಶನ. ಜಾಹೀರಾತು ಪರದೆಗೆ ಬಂದ ಸಲ.
- Viewable: ಕಣ್ಣಿಗೆ ಬಿದ್ದ ಪ್ರದರ್ಶನ.
- Views: ವೀಕ್ಷಣೆ. ಎಷ್ಟು ಸೆಕೆಂಡಿನದೆಂದು ಜೊತೆಗೆ ಬರೆಯಬೇಕು.
- Reach: ತಲುಪಿದವರು. ದಿನಗಳನ್ನು ಕೂಡುವಂತಿಲ್ಲ.
- Frequency: ತಲಾ ಪ್ರದರ್ಶನ. ಪ್ರದರ್ಶನ ÷ ತಲುಪಿದವರು.
- CPM: ಸಾವಿರ ಪ್ರದರ್ಶನದ ದರ.
- CTR: ಕ್ಲಿಕ್ ಪ್ರಮಾಣ. ಕ್ಲಿಕ್ ÷ ಪ್ರದರ್ಶನ × 100.
- CPC: ಒಂದು ಕ್ಲಿಕ್ಕಿನ ವೆಚ್ಚ.
- Landing page views: ಪುಟ ತೆರೆದದ್ದು.
- Conversions: ಖರೀದಿ, ಕರೆ, ನೋಂದಣಿ; ಆಯಾ ಕ್ರಿಯೆಯ ಹೆಸರು.
- CPA: ಒಂದು ಆರ್ಡರಿಗೆ ತಗಲಿದ ಜಾಹೀರಾತು ವೆಚ್ಚ.
- ROAS: ಜಾಹೀರಾತು ರೂಪಾಯಿಗೆ ಬಂದ ಮಾರಾಟ. ಲಾಭವಲ್ಲ.
- Attribution: ಯಾರ ಖಾತೆಗೆ ಜಮಾ ಎಂಬ ನಿಯಮ.